ಆಲ್ರೆಡಿ... ಆಮೇಲೆ?

ಬೆಳಗ್ಗೆ ಆಫೀಸ್ ಗ್ರೂಪಿನಲ್ಲಿ ಒಂದು ಮೆಸೇಜ್ ಬಂತು: ‘ವೀ ಆರ್ ಆಲ್ರೆಡಿ.’ ಅಷ್ಟೇ, ಮುಂದೆ ಫುಲ್‌ಸ್ಟಾಪ್. ಆಲ್ರೆಡಿ ಏನಪ್ಪಾ? ಆಲ್ರೆಡಿ ಬಂದಿದೀರಾ, ಹೊರಟಿದೀರಾ, ಸೋತಿದೀರಾ? ಐದು ನಿಮಿಷ ಮುಂದಿನ ಸಾಲಿಗೆ ಕಾದೆ. ಬರಲಿಲ್ಲ. ಪಾಪ, ಅವರು ಹೇಳಿದ್ದು ‘ಎಲ್ಲರೂ ರೆಡಿ’ ಅಂತ. ಆಲ್ ಬೇರೆ, ರೆಡಿ ಬೇರೆ, ಮಧ್ಯೆ ಒಂದು ಜಾಗ ಬಿಡಬೇಕಿತ್ತು.

ತಪ್ಪು ಎಲ್ಲಿಂದ ಬರುತ್ತೆ ಅಂತ ನನಗೆ ಗೊತ್ತು. ನಾವು ಕನ್ನಡದಲ್ಲೇ ದಿನಕ್ಕೆ ಹತ್ತು ಸಲ ‘ಆಲ್ರೆಡಿ ಹೇಳಿದೀನಲ್ಲ’ ಅಂತೀವಿ. ಆ ಒಂದೇ ಪದ ಕೈಗೆ ಅಂಟಿಕೊಂಡಿದೆ. ಸ್ಪೆಲ್‌ಚೆಕ್ ಕೂಡ ಬಹಳ ಸಲ ಸುಮ್ಮನಿರುತ್ತೆ, ಯಾಕಂದ್ರೆ ಎರಡೂ ಸರಿಯಾದ ಪದಗಳೇ. ಆದರೆ ಆಲ್ ತೆಗೆದು ಓದಿ ನೋಡಿ. ‘ವೀ ಆರ್ ರೆಡಿ’ ನಿಲ್ಲುತ್ತೆ, ಹಾಗಾಗಿ ಎರಡು ಪದ. ‘ವೀ ಆರ್ ರೆಡಿ ಲೇಟ್’ ಮುಗ್ಗರಿಸುತ್ತೆ, ಅಲ್ಲಿ ‘ಆಗಲೇ’ ಅನ್ನೋ ಅರ್ಥದ ಒಂದೇ ಪದ.

‘ಅರ್ಥ ಆದ್ರೆ ಸಾಕಲ್ವಾ ಮಾರಾಯ’ ಅಂತ ಕಾಮೆಂಟ್ ಹಾಕೋರು ಈಗಲೇ ಬೆರಳು ಮಸೀತಿರ್ತೀರಿ. ನಿಜ, ಆಲ್ರೆಡಿ ವಿಷಯದಲ್ಲಿ ಸುತ್ತಲಿನ ಮಾತು ಸಾಮಾನ್ಯವಾಗಿ ಕಾಪಾಡುತ್ತೆ. ಆದರೆ ‘ಇನ್ನೊಂದು ದಿನ ಬರ್ತೀನಿ’ ಅಂದವನಿಗೂ ‘ಇನ್ನೂ ಒಂದು ದಿನ ಬರ್ತೀನಿ’ ಅಂದವನಿಗೂ ನೀವು ಒಂದೇ ಉತ್ತರ ಕೊಡ್ತೀರಾ? ಇಲ್ಲ ತಾನೆ.

ನಿಜವಾದ ಅಪಾಯ ಇರೋದು ಆಲ್‌ಟುಗೆದರ್‌ನಲ್ಲಿ. ಒಂದೇ ಪದವಾದರೆ ‘ಪೂರ್ತಿಯಾಗಿ’, ಇಲ್ಲವೇ ‘ಒಟ್ಟಾರೆ’. ಬಿಡಿಸಿ ಬರೆದರೆ ‘ಎಲ್ಲ ಒಟ್ಟಿಗೆ’. ಈಗ ಈ ವಾಕ್ಯ ನೋಡಿ: ‘ಟೇಕ್ ದೀಸ್ ತ್ರೀ ಪೇಜಸ್ ಔಟ್ ಆಲ್‌ಟುಗೆದರ್.’ ಅಂದರೆ ಮೂರೂ ಪುಟ ಪೂರ್ತಿ ಕಿತ್ತುಹಾಕು. ನಡುವೆ ಜಾಗ ಬಿಟ್ಟರೆ, ಮೂರನ್ನೂ ಒಟ್ಟಿಗೆ ಹೊರಗೆ ತೆಗೆ. ಎರಡೂ ವ್ಯಾಕರಣಬದ್ಧ. ಆಲ್ ತೆಗೆಯೋ ಉಪಾಯ ಇಲ್ಲಿ ಕೈಕೊಡುತ್ತೆ, ಯಾಕಂದ್ರೆ ತೆಗೆದರೂ ವಾಕ್ಯ ನಿಲ್ಲುತ್ತೆ. ಇಲ್ಲಿ ಆಲ್ ಅನ್ನು ಹಿಂದಕ್ಕೆ ಸರಿಸಬೇಕು: ‘ಟೇಕ್ ಆಲ್ ದೀಸ್ ಪೇಜಸ್ ಔಟ್ ಟುಗೆದರ್.’ ನೀವು ಹೇಳಬೇಕಿದ್ದದ್ದು ಇದೇ ಆದರೆ ಬಿಡಿಸಿ ಬರೆಯಿರಿ. ‘ಕಂಪ್ಲೀಟ್ಲಿ’ ಅನ್ನಬೇಕಿದ್ದರೆ ಕೂಡಿಸಿ. (ಇಂಗ್ಲಿಷಿನಲ್ಲಿ ‘ಇನ್ ದಿ ಆಲ್‌ಟುಗೆದರ್’ ಅಂದ್ರೆ ಬರೀ ಮೈಯಲ್ಲಿ ಅಂತ. ‘ಎಲ್ಲ ಒಟ್ಟಿಗೆ’ ಅಂದುಕೊಂಡು ಎಲ್ಲಾದರೂ ಬಳಸೀರಿ, ಜೋಕೆ.)

ಈ ಉದಾಹರಣೆ ಎಲ್ಲಿಂದ ಬಂತು ಅಂತ ಕೇಳಬೇಡಿ ಅಂದುಕೊಂಡಿದ್ದೆ. ಹೇಳಿಬಿಡ್ತೀನಿ. ಬರೆದದ್ದು ನಾನೇ. ಒಂದು ವರದಿಯ ಮೂರು ಪುಟ ಬೇರೆಯಾಗಿ ಪ್ರಿಂಟ್ ಆಗಬೇಕಿತ್ತು, ಅದಕ್ಕೆ ಒಟ್ಟಿಗೆ ತೆಗೆದಿಡು ಅಂತ ಕಿರಿಯ ಸಹೋದ್ಯೋಗಿಗೆ ಮೇಲ್ ಹಾಕಿದೆ. ಜಾಗ ಬಿಡಲಿಲ್ಲ. ಅವನು ಅಚ್ಚುಕಟ್ಟಾಗಿ ಮೂರೂ ಪುಟ ಅಳಿಸಿ, ಪುಟಸಂಖ್ಯೆಯನ್ನೂ ಸರಿಮಾಡಿ ಕಳಿಸಿದ. ನಾನು ಕೂಗಾಡಿದೆ. ಅವನು ನನ್ನ ಮೇಲ್ ತೆರೆದು, ಏನೂ ಮಾತಾಡದೆ, ಸ್ಕ್ರೀನನ್ನು ನನ್ನ ಕಡೆ ತಿರುಗಿಸಿದ.