ಊಟ ಆದ ಮೇಲೆ ಗಣಿತ ಬೇಡ

ಹೈಸ್ಕೂಲಿನಲ್ಲಿ ಟೈಂ ಟೇಬಲ್ ಹಾಕುವ ಕೆಲಸ ಸಮಾಜ ವಿಜ್ಞಾನದವರಿಗೆ ಬೀಳುವುದೇ ಜಾಸ್ತಿ. ನಮಗೆ ಲ್ಯಾಬ್ ಇಲ್ಲ, ಆಟದ ಮೈದಾನ ಇಲ್ಲ, ಆದ್ದರಿಂದ ಕೆಲಸವೂ ಇಲ್ಲ ಅನ್ನುವುದು ಸ್ಟಾಫ್ ರೂಮಿನ ನಂಬಿಕೆ. ಜೂನ್ ಬಂತೆಂದರೆ ಎಚ್.ಎಂ. ನನ್ನ ಕೈಗೆ ಒಂದು ಡ್ರಾಯಿಂಗ್ ಶೀಟು, ಪೆನ್ಸಿಲ್, ರಬ್ಬರ್ ಕೊಟ್ಟು, "ಹೋದ ವರ್ಷದ್ದೇ ಇದೆಯಲ್ಲ, ಸ್ವಲ್ಪ ಅಡ್ಜಸ್ಟ್ ಮಾಡಿ" ಅನ್ನುತ್ತಾರೆ. ಈ ಅಡ್ಜಸ್ಟ್ ಅನ್ನುವುದರಲ್ಲೇ ನನ್ನ ಒಂದು ವಾರ ಹೋಗುತ್ತದೆ.

ನಮ್ಮ ಲೆಕ್ಕ ಹೀಗಿದೆ. ಎಂಟು, ಒಂಬತ್ತು, ಹತ್ತು, ಪ್ರತಿಯೊಂದಕ್ಕೂ ಎ ಮತ್ತು ಬಿ. ಒಟ್ಟು ಆರು ಸೆಕ್ಷನ್. ಸೋಮವಾರದಿಂದ ಶುಕ್ರವಾರ ದಿನಕ್ಕೆ 7 ಪಿರಿಯಡ್, ಊಟಕ್ಕೆ ಮುಂಚೆ 4, ಆಮೇಲೆ 3. ಶನಿವಾರ ಬೆಳಗಿನ ಶಾಲೆ, 5 ಪಿರಿಯಡ್. ಅಂದರೆ ಒಂದು ಸೆಕ್ಷನ್‌ಗೆ ವಾರಕ್ಕೆ 40 ಪಿರಿಯಡ್. ಮಕ್ಕಳಿಗಾಗಲಿ, ಮೇಷ್ಟ್ರಿಗಾಗಲಿ 41ನೇ ಪಿರಿಯಡ್ ಅಂತ ಒಂದು ಇಲ್ಲ. ಇಷ್ಟು ತಿಳಿದುಕೊಂಡರೆ ಅರ್ಧ ಜಗಳ ಶುರುವಾಗುವ ಮೊದಲೇ ಮುಗಿಯುತ್ತದೆ.

ಆದರೆ ನಮ್ಮಲ್ಲಿ ಮೊದಲು ಜಗಳ, ಆಮೇಲೆ ಲೆಕ್ಕ. ಈ ವರ್ಷದ ಮೊದಲ ಬೇಡಿಕೆ ಪಿಸಿಎಂ ಮೇಷ್ಟ್ರದು. "ಸರ್, ನನ್ನ ಗಣಿತವನ್ನೆಲ್ಲ ಬೆಳಿಗ್ಗೆಯೇ ಹಾಕಿ. ಊಟ ಆದ ಮೇಲೆ ಮಕ್ಕಳ ತಲೆಗೆ ಏನೂ ಹೋಗಲ್ಲ." ನ್ಯಾಯವಾದ ಮಾತೇ. ಅವರಿಗೆ ನಾಲ್ಕು ಸೆಕ್ಷನ್, ಒಂದೊಂದಕ್ಕೆ ವಾರಕ್ಕೆ 7 ಗಣಿತ, ಒಟ್ಟು 28. ಊಟಕ್ಕೆ ಮುಂಚಿನ ಪಿರಿಯಡ್‌ಗಳು ಐದು ದಿನಕ್ಕೆ 20, ಶನಿವಾರದ 5 ಸೇರಿಸಿದರೆ 25. ಬೆಳಗಿನ ಹೊತ್ತು ಒಂದು ಕ್ಷಣವೂ ಕೂರದೆ ಪಾಠ ಮಾಡಿದರೂ ಮೂರು ಗಣಿತ ಮಧ್ಯಾಹ್ನಕ್ಕೆ ಬರಲೇಬೇಕು. ಕಾಗದದ ಮೇಲೆ ಬರೆದು ತೋರಿಸಿದೆ. ಗಣಿತದ ಮೇಷ್ಟ್ರು ಎರಡು ಸಲ ಕೂಡಿ ನೋಡಿದರು. "ಲೆಕ್ಕ ಸರಿ ಇದೆ, ಆದರೂ ಏನಾದರೂ ಮಾಡಿ ಸರ್" ಅಂದರು.

ಅದಕ್ಕಿಂತ ದೊಡ್ಡ ತಲೆನೋವು ಹಿಂದಿಯದು. ನಮ್ಮ ಹಿಂದಿ ಮೇಡಂ ಈ ವರ್ಷ ನಿಯೋಜನೆ ಮೇಲೆ ವಾರದಲ್ಲಿ ಮೂರು ದಿನ ಬೇರೆ ಶಾಲೆಗೆ. ನಮಗೆ ಸೋಮ, ಮಂಗಳ, ಬುಧ ಮಾತ್ರ. ಆರು ಸೆಕ್ಷನ್‌ಗೆ ಐದೈದರಂತೆ 30 ಪಿರಿಯಡ್ ಹಿಂದಿ ಆಗಬೇಕು. ಮೂರು ದಿನದಲ್ಲಿ ಇರುವುದೇ 21. ಎಷ್ಟು ರಬ್ಬರ್ ಉಜ್ಜಿದರೂ 30 ಹೋಗಿ 21ರಲ್ಲಿ ಕೂರುವುದಿಲ್ಲ. ಹಾಗಾಗಿ ಎ, ಬಿ ಎರಡನ್ನೂ ಸೇರಿಸಿ ಒಟ್ಟಿಗೆ ಪಾಠ ಮಾಡುವುದು ಅಂತಾಯಿತು. ಮೂರು ಜೋಡಿ, ಐದೈದು ಪಿರಿಯಡ್, 15. ಆರು ಪಿರಿಯಡ್ ಮಿಕ್ಕಿತು! ಎಚ್.ಎಂ. ಗೆದ್ದವರಂತೆ ನಕ್ಕರು.

ಎರಡು ಸೆಕ್ಷನ್ ಮಕ್ಕಳು ಒಟ್ಟಿಗೆ ಎಲ್ಲಿ ಕೂರುವುದು ಅಂತ ಆಮೇಲೆ ಯೋಚನೆ ಬಂತು. ಅಷ್ಟು ದೊಡ್ಡದು ಲ್ಯಾಬ್ ಒಂದೇ. ಅದರಲ್ಲೇ ಪ್ರೊಜೆಕ್ಟರ್ ಇದೆ, ಹಿಂದಿನ ಮೂಲೆಯಲ್ಲಿ ಬಿಸಿಯೂಟದ ಅಕ್ಕಿ ಮೂಟೆಯೂ ಇದೆ. ಅದಕ್ಕೇ ಈಗ ಮೇಷ್ಟ್ರುಗಳ ಚಾರ್ಟಿನ ಕೆಳಗೆ ಲ್ಯಾಬ್‌ಗೂ ಒಂದು ಸಾಲು ಎಳೆದಿದ್ದೇನೆ. ಕೋಣೆಯನ್ನೂ ಒಬ್ಬ ಮೇಷ್ಟ್ರು ಅಂತ ಲೆಕ್ಕ ಹಾಕಿದರೆ ಸಾಕು. ಒಂದೇ ಪಿರಿಯಡ್‌ನಲ್ಲಿ ಎರಡು ಕಡೆ ಅದರ ಹೆಸರು ಬಂದರೆ ತಪ್ಪು ಕಣ್ಣಿಗೆ ಹೊಡೆಯುತ್ತದೆ.

ಕೈಯಲ್ಲಿ ಟೈಂ ಟೇಬಲ್ ಹಾಕುವವರು ಪಾಲಿಸಬೇಕಾದ ಕ್ರಮ ಒಂದಿದೆ. ಯಾರಿಗೆ ಜಾಗ ಕಮ್ಮಿಯೋ ಅವರನ್ನು ಮೊದಲು ಕೂರಿಸಬೇಕು. ನಾನು ಮೊದಲು ಹಿಂದಿ ಜೋಡಿಗಳನ್ನು ಹಾಕಿದೆ, ಆಮೇಲೆ ಗಣಿತ, ವಿಜ್ಞಾನ, ಕೊನೆಗೆ ಚಿತ್ರಕಲೆ, ಪಿ.ಟಿ. ಕೊನೆಯಲ್ಲಿ ಎಣಿಸಿ ನೋಡಿದರೆ ಹತ್ತನೇ ಜೋಡಿಯ ಒಂದು ಹಿಂದಿ ಹಾಕುವುದೇ ಬಿಟ್ಟುಹೋಗಿತ್ತು. ಮಂಗಳವಾರ ಹತ್ತನೇ ಎ 3ನೇ ಪಿರಿಯಡ್ ಖಾಲಿ, ಹತ್ತನೇ ಬಿ 5ನೇ ಪಿರಿಯಡ್ ಖಾಲಿ. ಇಬ್ಬರೂ ಒಟ್ಟಿಗೆ ಖಾಲಿ ಇರಬೇಕಲ್ವಾ? ಎ ಸೆಕ್ಷನ್‌ನ 5ನೇ ಪಿರಿಯಡ್ ಗಣಿತವನ್ನು ಮುಟ್ಟುವ ಹಾಗಿರಲಿಲ್ಲ. ಬೆಳಗಿನ 25ರಲ್ಲಿ 24 ತುಂಬಿ, ಉಳಿದ ನಾಲ್ಕು ಗಣಿತಕ್ಕೆ ಮೇಷ್ಟ್ರನ್ನು ಮಧ್ಯಾಹ್ನಕ್ಕೆ ಒಪ್ಪಿಸಿದ್ದೆ, ಅದರಲ್ಲಿ ಅದೊಂದು. 3ರಲ್ಲಿ ಅವರು ಬೇರೆ ಸೆಕ್ಷನ್‌ನಲ್ಲಿದ್ದರು.

ಹಾಗಾದರೆ ಬಿ ಸೆಕ್ಷನ್‌ನ 3ನೇ ಪಿರಿಯಡ್ ಖಾಲಿ ಮಾಡಬೇಕು. ಅಲ್ಲಿ ಸಮಾಜ, ಅಂದರೆ ನಾನೇ. ನಾನು 5ಕ್ಕೆ ಹೋಗೋಣ ಅಂದರೆ, ಆಗ ನಾನು ಒಂಬತ್ತನೇ ಎ ನಲ್ಲಿದ್ದೇನೆ. ಸರಿ, ಒಂಬತ್ತನೇ ಎ ಸಮಾಜ 3ಕ್ಕೆ ಬರಲಿ. ಅಲ್ಲಿ ಕನ್ನಡ ಇದೆ. ಕನ್ನಡ 5ಕ್ಕೆ ಹೋಗಲಿ. ಆದರೆ 5ರಲ್ಲಿ ಕನ್ನಡ ಮೇಡಂ ಎಂಟನೇ ಬಿ ನಲ್ಲಿದ್ದಾರೆ. ಆ ಕನ್ನಡ 3ಕ್ಕೆ ಬರಲಿ. ಅಲ್ಲಿ ಚಿತ್ರಕಲೆ. ಅದು 5ಕ್ಕೆ ಹೋಗಲಿ. ಚಿತ್ರಕಲೆ ಮೇಷ್ಟ್ರು 5ರಲ್ಲಿ ಎಲ್ಲಿದ್ದಾರೆ? ಎಲ್ಲೂ ಇಲ್ಲ, ಲೀಜರ್! ಸರಪಳಿ ಅಲ್ಲಿಗೆ ನಿಂತಿತು.

ಗುಟ್ಟು ಇಷ್ಟೇ, 3 ಮತ್ತು 5 ಎಂಬ ಎರಡೇ ಕಾಲಂ ಬಿಟ್ಟು ಆಚೆ ಹೋಗಬಾರದು. ಹಾಗಿದ್ದರೆ ಸರಪಳಿ ಎಲ್ಲೋ ಒಂದು ಕಡೆ ನಿಲ್ಲಲೇಬೇಕು, ಯಾಕೆಂದರೆ ಮೇಷ್ಟ್ರುಗಳೂ ಸೆಕ್ಷನ್‌ಗಳೂ ಇರುವುದೇ ಅಷ್ಟು. ಅವಸರಕ್ಕೆ 6ನೇ ಕಾಲಂಗೂ ಕೈ ಹಾಕಿದರೆ ರಾತ್ರಿ ಹನ್ನೊಂದಾದರೂ ರಬ್ಬರ್ ಕೆಳಗಿಡಲಾಗುವುದಿಲ್ಲ. ಸರಪಳಿಯ ಮಧ್ಯೆ ಅರ್ಧ ದಿನ ಬರುವ ಅತಿಥಿ ಶಿಕ್ಷಕರೊಬ್ಬರು ಸಿಕ್ಕರೂ ಕೆಲಸ ಕೆಟ್ಟಂತೆ. ಎಲ್ಲರೂ ಎಲ್ಲ ಪಿರಿಯಡ್‌ಗೂ ಸಿಗುವುದಾದರೆ, ಯಾರದೂ 40 ದಾಟದಿದ್ದರೆ, ಒಬ್ಬರ ಮೇಲೊಬ್ಬರು ಬೀಳದ ಟೈಂ ಟೇಬಲ್ ಇದ್ದೇ ಇರುತ್ತದೆ. 1916ರಲ್ಲಿ ಹಂಗೇರಿಯ ಗಣಿತಜ್ಞ ಕೋನಿಗ್ ಸಾಧಿಸಿದ ಪ್ರಮೇಯದಿಂದಲೇ ಇದು ಬರುತ್ತದೆ. ಆ ಪ್ರಮೇಯಕ್ಕೆ ಲ್ಯಾಬ್ ಗೊತ್ತಿಲ್ಲ, ನಿಯೋಜನೆಯಂತೂ ಮೊದಲೇ ಗೊತ್ತಿಲ್ಲ.

ಭಾರದ ವಿಷಯಗಳ ಮಾತು ಬೇರೆ. ಗಣಿತ 7, ವಿಜ್ಞಾನ 6, ಇಂಗ್ಲಿಷ್ 6, ಒಟ್ಟು 19. ಹೆಚ್ಚುಕಮ್ಮಿ ದಿನಕ್ಕೆ ಮೂರು. ಎರಡಕ್ಕಿಂತ ಜಾಸ್ತಿ ಒಟ್ಟಿಗೆ ಬರಬಾರದು ಅನ್ನುವುದು ನಮ್ಮ ನಿಯಮ. ನಡುವೆ ಕನ್ನಡವನ್ನೋ ಪಿ.ಟಿ.ಯನ್ನೋ ಬೆಣೆ ಹೊಡೆದ ಹಾಗೆ ಇಡುತ್ತೇನೆ. ಆರು ದಿನಕ್ಕೆ ಏಳು ಗಣಿತವಾದ್ದರಿಂದ ಒಂದು ದಿನ ಗಣಿತ ಎರಡು ಸಲ ಬಂದೇ ಬರುತ್ತದೆ. ಹತ್ತನೇ ಎ ಗೆ ಅದು ಗುರುವಾರ, ಬೆಳಿಗ್ಗೆ ಒಂದು, ಕೊನೆಯ ಪಿರಿಯಡ್ ಒಂದು.

ಎಲ್ಲ ಮುಗಿಯಿತು ಅಂತ ಸಹಿಗೆ ಕಳಿಸಿದೆ. ಒಬ್ಬರು ಮಾತ್ರ ಸಹಿ ಹಾಕಲಿಲ್ಲ, ಹಿಂದಿಗೂ ಗಣಿತಕ್ಕೂ ಸಂಬಂಧವೇ ಇಲ್ಲದ ಚಿತ್ರಕಲೆ ಮೇಷ್ಟ್ರು.

"ಮಂಗಳವಾರ ಊಟ ಆದ ಮೇಲಿನ ನನ್ನ ಲೀಜರ್ ಎಲ್ಲಿ ಹೋಯ್ತು?"

"ಅದು ಬೆಳಿಗ್ಗೆ 3ನೇ ಪಿರಿಯಡ್‌ಗೆ ಬಂದಿದೆ ಸರ್."

"ಬೆಳಿಗ್ಗೆ ಲೀಜರ್ ತಗೊಂಡು ನಾನೇನು ಮಾಡ್ಲಿ? ನಿದ್ದೆ ಬರೋದು ಮಧ್ಯಾಹ್ನ."

ಅದೂ ನ್ಯಾಯವೇ. ಕೊನೆಗೆ, ಹತ್ತನೇ ಎ ಗೆ ಶನಿವಾರ ಕೊನೆಯ ಪಿರಿಯಡ್ ಇರುವ ಚಿತ್ರಕಲೆ ತೆಗೆದರೆ ಊರಿಗೆ ಹನ್ನೊಂದೂಕಾಲರ ಬಸ್ಸು ಸಿಗುತ್ತದೆ, ಆಗ ಸಹಿ ಹಾಕುತ್ತೇನೆ ಅಂದರು. ಚಿತ್ರಕಲೆಯನ್ನು ಗುರುವಾರ ಕೊನೆಗೆ ಹಾಕಿ, ಅಲ್ಲಿದ್ದ ಗಣಿತವನ್ನು, ಪಿಸಿಎಂ ಮೇಷ್ಟ್ರಿಗೆ ಬಿಡುವಿದ್ದ ಶನಿವಾರ ಕೊನೆಗೆ ತಂದೆ. ಈಗ ಹತ್ತನೇ ಎ ಮಕ್ಕಳಿಗೆ ಶನಿವಾರ ಗಣಿತ, ಇಂಗ್ಲಿಷ್, ಕನ್ನಡ, ವಿಜ್ಞಾನ, ಮತ್ತೆ ಗಣಿತ. ಎರಡಕ್ಕಿಂತ ಜಾಸ್ತಿ ಒಟ್ಟಿಗೆ ಬಂದಿಲ್ಲ, ನಿಯಮ ಮುರಿದಿಲ್ಲ. ಆದರೂ ಪಿಸಿಎಂ ಮೇಷ್ಟ್ರು ಏನನ್ನುತ್ತಾರೋ ಅಂತ ಅಳುಕಿನಿಂದಲೇ ಚಾರ್ಟ್ ತೋರಿಸಿದೆ. ಅವರು ಬೆರಳಿಟ್ಟು ಓದಿ, ಕನ್ನಡಕ ತೆಗೆದು, ಖುಷಿಯಾಗಿ ಸಹಿ ಹಾಕಿದರು.

"ಶನಿವಾರ ಕೊನೇದು ಅಂದ್ರೂ ಬೆಳಿಗ್ಗೆ ತಾನೇ ಸರ್!"