ಜಾನುವಾರು ಸಮೇತ ಕೋರಲಾಗಿದೆ

ಮಳೆಗಾಲ ಬಂತು ಎಂದು ತಿಳಿಯಲು ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಮೋಡ ನೋಡಬೇಕಾಗಿಲ್ಲ. ವಾಟ್ಸಾಪಿನಲ್ಲಿ ಪ್ರಕಟಣೆ ಬಂದರೆ ಸಾಕು. ಕಾಳಿ ದಂಡೆಯವರಿಗೂ ಶರಾವತಿ ದಂಡೆಯವರಿಗೂ ಅದರ ಧಾಟಿ ಬಾಯಿಪಾಠ. ಯಾವ ಕಚೇರಿಯದ್ದು ಎಂದು ಹೇಳುವುದಿಲ್ಲ. ಎಲ್ಲ ಕಚೇರಿಗಳೂ ಒಂದೇ ಗುರುಕುಲದಲ್ಲಿ ಓದಿದಂತೆ ಬರೆಯುತ್ತವೆ. ಧಾಟಿ ಮರೆತವರಿಗಾಗಿ ನಾನೇ ಒಂದು ಮಾದರಿ ಕಟ್ಟಿದ್ದೇನೆ, ನೋಡಿ:

“ಜಲಾನಯನ ಪ್ರದೇಶದಲ್ಲಿ ನಿರಂತರ ವರ್ಷಧಾರೆಯಾಗುತ್ತಿರುವ ಪ್ರಯುಕ್ತ ಜಲಾಶಯದ ಒಳಹರಿವಿನ ಪ್ರಮಾಣದಲ್ಲಿ ಗಣನೀಯ ಏರಿಕೆ ಉಂಟಾಗಿದ್ದು, ಜಲಾಶಯದ ಸುರಕ್ಷತೆಯ ದೃಷ್ಟಿಯಿಂದ ಹೆಚ್ಚುವರಿ ನೀರನ್ನು ಯಾವುದೇ ಕ್ಷಣದಲ್ಲಿ ಹೊರಬಿಡುವ ಸಾಧ್ಯತೆ ಇರುವ ಹಿನ್ನೆಲೆಯಲ್ಲಿ, ನದಿಪಾತ್ರದ ಹಾಗೂ ತಗ್ಗು ಪ್ರದೇಶದ ಸಾರ್ವಜನಿಕರು ತಮ್ಮ ಜನ-ಜಾನುವಾರುಗಳ ಸಮೇತ ಸುರಕ್ಷಿತ ಸ್ಥಳಗಳಿಗೆ ಸ್ಥಳಾಂತರಗೊಂಡು ಸಹಕರಿಸಬೇಕಾಗಿ ಈ ಮೂಲಕ ಕೋರಲಾಗಿದೆ.”

ಒಂದೇ ವಾಕ್ಯ. ಸಾರ್ವಜನಿಕರು ಜನರ ಸಮೇತ ಹೋಗಬೇಕಂತೆ. ಸಾರ್ವಜನಿಕರು ಬೇರೆ, ಜನ ಬೇರೆ ಅಂತ ಲೆಕ್ಕ. ಹೋಗಿ ಸಹಕರಿಸಬೇಕಂತೆ. ಮುಳುಗುವ ಮನೆ ನಮ್ಮದು, ಸಹಕಾರ ಅವರಿಗೆ!

ಆದರೂ ನಾನು ಈ ಬರವಣಿಗೆಯನ್ನು ಹೊಗಳುತ್ತೇನೆ. ಬರೆಯುವುದನ್ನು ಕಲಿಸುವವರು ಮೊದಲು ಹೇಳುವ ಮಾತು ಏನು? ಯಾರಿಗೆ ಬರೆಯುತ್ತಿದ್ದೀರಿ ಅಂತ ನೋಡಿಕೊಳ್ಳಿ, ಅವರಿಗೆ ತಕ್ಕ ಭಾಷೆ ಹಿಡಿಯಿರಿ. ಇದನ್ನು ಬರೆದವರು ಚೆನ್ನಾಗಿಯೇ ನೋಡಿಕೊಂಡಿದ್ದಾರೆ. ಅವರ ಓದುಗ ಹೊಳೆ ದಂಡೆಯಲ್ಲಿ ಇಲ್ಲ, ಕಪಾಟಿನಲ್ಲಿ ಇದ್ದಾನೆ. ಅವನ ಹೆಸರು ಫೈಲು. ನಾಳೆ ಏನಾದರೂ ಆಗಿ, ಮೇಲಿನವರು ಬಂದು “ಎಚ್ಚರಿಕೆ ಕೊಟ್ಟಿದ್ದಿರಾ?” ಎಂದು ಕೇಳಿದರೆ ಆ ಓದುಗ ಎದ್ದು ನಿಂತು ಸಾಕ್ಷಿ ಹೇಳಬೇಕು. ಅವನಿಗೆ “ಓಡಿ” ಎಂದರೆ ಅರ್ಥವಾಗುವುದಿಲ್ಲ. “ಸ್ಥಳಾಂತರಗೊಂಡು ಸಹಕರಿಸಬೇಕಾಗಿ” ಎಂದರೆ ತಟ್ಟನೆ ಅರ್ಥವಾಗುತ್ತದೆ.

“ಸಂಸ್ಕೃತ ಪದ ಜಾಸ್ತಿ ಆಯ್ತು, ಜನರಿಗೆ ಗೊತ್ತಾಗಲ್ಲ” ಎಂದು ತಕ್ಷಣ ಹೇಳುವವರಿದ್ದಾರೆ. ಈ ಜಿಲ್ಲೆಯಲ್ಲಿ ನಿಂತು ಹಾಗೆ ಹೇಳುವುದು ಕಷ್ಟ. ಗುಣವಂತೆಯ ಕೆರೆಮನೆ ಯಕ್ಷಗಾನ ಮೇಳ ಶುರುವಾದದ್ದು 1934ರಲ್ಲಿ. ಬಡಗು ತಿಟ್ಟಿನ ಆಟ ಇಲ್ಲಿ ಅದಕ್ಕೂ ಮೊದಲಿನಿಂದ ಇದೆ. ಬೆಳಗಿನವರೆಗೆ ಕೂತು ಕೃಷ್ಣನ ಮಾತು ಕೇಳಿದ ಅಜ್ಜಿಗೆ ನೀವು ಸಂಸ್ಕೃತ ಪದದ ಹೆದರಿಕೆ ಹುಟ್ಟಿಸುತ್ತೀರಾ? ತಾಳಮದ್ದಳೆಯಲ್ಲಿ ಅರ್ಥಧಾರಿ ಎಸೆಯುವ ಪದಗಳ ಮುಂದೆ ಈ ಪ್ರಕಟಣೆ ಒಂದನೇ ಇಯತ್ತೆ. ಎಲೆ ಅಡಿಕೆ ಜಗಿಯುತ್ತಾ ಕೂತವರು ಅದನ್ನು ಬರೀ ಕೇಳುವುದಿಲ್ಲ, ತಪ್ಪಿದರೆ ತಿದ್ದುತ್ತಾರೆ.

ಹಾಗಾದರೆ ಅಲ್ಲಿ ಅರ್ಥವಾದದ್ದು ಇಲ್ಲಿ ಯಾಕೆ ಆಗುವುದಿಲ್ಲ? ಅರ್ಥಧಾರಿ ಎಷ್ಟು ದೊಡ್ಡ ಪದ ಹಾಕಿದರೂ ಯಾರು ಯಾರಿಗೆ ಹೇಳುತ್ತಿದ್ದಾರೆ ಎನ್ನುವುದು ಸ್ಪಷ್ಟ. “ನಾನು ಬಂದೆ”, “ನೀನು ಕೊಡು”. ಉಸಿರಿಗೊಂದು ಕ್ರಿಯಾಪದ ಬೀಳುತ್ತದೆ. ಪ್ರಕಟಣೆಯಲ್ಲಿ ಹಾಗಲ್ಲ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದು ನಮಗೆಲ್ಲ ಗೊತ್ತು. ವಾಕ್ಯ ನಾಲ್ಕು ಪದದ್ದಾದರೆ ತೊಂದರೆ ಇಲ್ಲ. ನಲವತ್ತು ಪದ ತುಂಬಿದರೆ ಏನು ಮಾಡಬೇಕು ಎನ್ನುವುದು ತಿಳಿಯುವ ಹೊತ್ತಿಗೆ ಯಾಕೆ ಮಾಡಬೇಕು ಎನ್ನುವುದು ಮರೆತಿರುತ್ತದೆ. ಅಷ್ಟೆಲ್ಲ ಓದಿ ಕೊನೆಗೆ ಸಿಗುವುದು ಏನು? “ಕೋರಲಾಗಿದೆ.” ಯಾರು ಕೋರಿದರು? ಯಾರೂ ಇಲ್ಲ. ನೀರು ಬಿಡುವವರೂ ಯಾರೂ ಇಲ್ಲ, “ಹೊರಬಿಡುವ ಸಾಧ್ಯತೆ” ತಾನೇ ಇರುತ್ತದೆ. ಅಷ್ಟು ದೊಡ್ಡ ಗೇಟು, ತೆಗೆದವರ ಹೆಸರು ವ್ಯಾಕರಣದಲ್ಲೇ ಮಾಯ.

ಯಕ್ಷಗಾನದ್ದು ಇನ್ನೊಂದು ಮಾತು ಇದೆ. ರಾಜ ಬಂದರೆ ಗ್ರಾಂಥಿಕ, ಋಷಿ ಬಂದರೆ ಇನ್ನೂ ಗ್ರಾಂಥಿಕ. ಆದರೆ ಸುದ್ದಿ ತರುವ ದೂತ ಯಾರು? ಹೆಚ್ಚಾಗಿ ಹಾಸ್ಯಗಾರ. ಅವನು ನಮ್ಮ ನಿಮ್ಮ ಹಾಗೆ ಮಾತಾಡುತ್ತಾನೆ. ಎದುರಾಳಿಯ ಸೈನ್ಯ ಬಂತು ಅಂದರೆ “ಬಂತು” ಅನ್ನುತ್ತಾನೆ. ರಾಜ ಅದರ ಮೇಲೆ ಅರ್ಧ ಗಂಟೆ ಮಾತಾಡಲಿ, ಬೇಡ ಅಂದವರು ಯಾರು. ಯಾವ ಪಾತ್ರಕ್ಕೆ ಯಾವ ಕನ್ನಡ ಎನ್ನುವುದನ್ನು ಬಣ್ಣದ ಮನೆಯವರು ಸಮಿತಿ ಮಾಡದೆ ಕಂಡುಕೊಂಡಿದ್ದಾರೆ. ನಮ್ಮ ಕಚೇರಿಗಳು ದೂತನಿಗೂ ಕಿರೀಟ ಕಟ್ಟಿ ಕುಣಿಸುತ್ತಿವೆ.

ಸರಿ, ಆ ಮಾದರಿಯನ್ನೇ ದೂತನ ಕನ್ನಡಕ್ಕೆ ಇಳಿಸಿ ನೋಡೋಣ ಎಂದು ಕೂತೆ. ಸುಲಭ ಅಂದುಕೊಳ್ಳಬೇಡಿ. “ಯಾವುದೇ ಕ್ಷಣದಲ್ಲಿ” ಎನ್ನುವುದನ್ನು ಸರಳವಾಗಿ ಬರೆಯಬೇಕಾದರೆ ಎಷ್ಟು ಹೊತ್ತಿಗೆ ಎಂದು ಗೊತ್ತಿರಬೇಕು. “ತಗ್ಗು ಪ್ರದೇಶ” ಎಂದರೆ ಯಾವ ಊರು, ಯಾವ ಕೇರಿ? “ಸುರಕ್ಷಿತ ಸ್ಥಳ” ಎಂದರೆ ಶಾಲೆಯೋ, ದೇವಸ್ಥಾನವೋ, ಗುಡ್ಡದ ಮೇಲಿನ ನೆಂಟರ ಮನೆಯೋ? ಗುಡ್ಡವೇ ಜಾರುವ ಜಿಲ್ಲೆಯಲ್ಲಿ ಗುಡ್ಡ ಎಂದರೂ ಕಷ್ಟ. ದೊಡ್ಡ ಪದ ತೆಗೆದು ಸಣ್ಣ ಪದ ಇಡಲು ಹೋದರೆ ಅದರ ಅಡಿಯಲ್ಲಿ ಖಾಲಿ ಜಾಗ ಕಾಣುತ್ತದೆ. ಮುಚ್ಚಿಡುವುದಕ್ಕೆ ಸಂಸ್ಕೃತ ಸಮಾಸದಷ್ಟು ಒಳ್ಳೆಯ ಟಾರ್ಪಾಲು ಮತ್ತೊಂದಿಲ್ಲ.

ನಾನೇ ಊಹಿಸಿ ತುಂಬಿದರೆ ಹೀಗಾಗುತ್ತದೆ: “ಇಂದು ಸಂಜೆ 4 ಗಂಟೆಗೆ ಡ್ಯಾಮಿನ ಗೇಟು ತೆಗೆಯುತ್ತೇವೆ. ಅದಕ್ಕೆ ಮೊದಲು ಸೈರನ್ ಹಾಕುತ್ತೇವೆ. ಹೊಳೆಗೆ ಇಳಿಯಬೇಡಿ. ದನಗಳನ್ನು ಬಿಚ್ಚಿ, ಮೇಲೆ ಒಯ್ದು ಕಟ್ಟಿ. ದೋಣಿಯನ್ನು ದಡಕ್ಕೆ ಎಳೆದಿಡಿ. ದಂಡೆಯ ಮೊದಲ ಸಾಲಿನ ಮನೆಯವರು 3 ಗಂಟೆಯೊಳಗೆ ಊರ ಶಾಲೆಗೆ ಬನ್ನಿ. ಅಲ್ಲಿ ಊಟ ಇದೆ. ನಡೆಯಲು ಆಗದವರು ಮನೆಯಲ್ಲಿದ್ದರೆ ಈ ನಂಬರಿಗೆ ಫೋನ್ ಮಾಡಿ.” ಆಮೇಲೆ ಒಂದು ನಂಬರು, ಎತ್ತುವ ನಂಬರು.

ಇದರಲ್ಲೂ ಸಂಸ್ಕೃತ ಇದೆ. ಗಂಟೆ, ಶಾಲೆ. ಇಂಗ್ಲಿಷ್ ಇದೆ. ಡ್ಯಾಮು, ಗೇಟು, ಸೈರನ್, ಫೋನ್. ಯಾವುದನ್ನೂ ಬಹಿಷ್ಕಾರ ಹಾಕಬೇಕಾಗಿಲ್ಲ. ದಂಡೆಯವರು ಏನನ್ನು ಏನೆಂದು ಕರೆಯುತ್ತಾರೋ ಅದನ್ನು ಹಾಗೆ ಕರೆದರೆ ಆಯಿತು. ಗೇಟಿಗೆ ಅಚ್ಚಗನ್ನಡದ ಹೊಸ ಹೆಸರು ಕಟ್ಟಲು ಕೂತರೆ ಅದೂ ಅಷ್ಟೇ ತಮಾಷೆ.

ಇನ್ನು ಕ್ಯೂಸೆಕ್. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಅಂದರೆ ಸುಮಾರು 28 ಲೀಟರ್ ನೀರು. 10,000 ಕ್ಯೂಸೆಕ್ ಬಿಟ್ಟರೆ ಸೆಕೆಂಡಿಗೆ 2 ಲಕ್ಷ 80 ಸಾವಿರ ಲೀಟರಿಗೂ ಜಾಸ್ತಿ. ಎಂಜಿನಿಯರಿಗೆ ಈ ಅಂಕಿ ಬೇಕು, ಪತ್ರಿಕೆಗೂ ಬೇಕು. ಅಂಗಳದಲ್ಲಿ ನಿಂತವರಿಗೆ ಬೇಕಾದದ್ದು ಬೇರೆ. ನೀರು ಯಾವ ಮೆಟ್ಟಿಲವರೆಗೆ ಬರುತ್ತದೆ? ಆ ಹೊತ್ತಿಗೆ ಸಮುದ್ರದಲ್ಲಿ ಭರತವೋ ಇಳಿತವೋ? ಭರತ ಇದ್ದರೆ ಹೊಳೆಯ ನೀರು ಅಳಿವೆಯಲ್ಲಿ ಬೇಗ ಖಾಲಿಯಾಗುವುದಿಲ್ಲ ಎಂದು ಮೀನುಗಾರರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಎಷ್ಟು ಹೊತ್ತಿಗೆ ಬಿಡುತ್ತೀರಿ ಎಂದು ಹೇಳಿ ಸಾಕು, ಉಳಿದ ಲೆಕ್ಕ ಅವರೇ ಮಾಡುತ್ತಾರೆ.

ಹಾಗಂತ ಎಲ್ಲವನ್ನೂ ಜಗಲಿ ಮಾತಿಗೆ ಇಳಿಸಿ ಎಂದರೆ ಅದಕ್ಕೂ ನಾನು ಒಪ್ಪುವವನಲ್ಲ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ದಿನಕ್ಕೆ 64.5 ಮಿಲಿಮೀಟರ್ ಮುಟ್ಟಿದರೆ ಭಾರಿ ಮಳೆ, 115.6ರಿಂದ ಅತಿ ಭಾರಿ, 204.4 ದಾಟಿದರೆ ಅತ್ಯಂತ ಭಾರಿ. ಕೇಳಲು ಮೂರೂ ಒಂದೇ ಥರ. ಆದರೆ ಸರಳ ಮಾಡುತ್ತೇನೆ ಎಂದು ಮೂರಕ್ಕೂ “ಜೋರು ಮಳೆ” ಅಂತ ಬರೆದರೆ ಮೆಟ್ಟಿಲುಗಳೇ ಹೋಯಿತು. ಇಲಾಖೆಯ ಪದ ಹಾಗೇ ಇರಲಿ, ಪಕ್ಕದಲ್ಲಿ ಏನು ಮಾಡಬೇಕು ಎಂದು ಒಂದು ಸಾಲು ಇರಲಿ. ಜಮೀನು ಸ್ವಾಧೀನದ ನೋಟಿಸಿನಲ್ಲಿ ಕಲಂ, ಉಪಕಲಂ, “ತಕ್ಕದ್ದು” ಎಲ್ಲ ಬೇಕು. ಅದನ್ನು ಓದುವುದು ವಕೀಲರು. ಅಲ್ಲಿ ಒಂದು ಪದ ಸಡಿಲವಾದರೆ ತೋಟ ಹೋಗುತ್ತದೆ. ಫೈಲಿಗೆ ಒಂದು ಹಾಳೆ, ಗೋಡೆಗೆ ಒಂದು ಹಾಳೆ. ಎರಡು ಹಾಳೆಯ ಖರ್ಚು ನಮ್ಮ ಸರಕಾರಕ್ಕೆ ಭಾರವೇ?

ಆಡುಮಾತು ಎಂದರೆ ಯಾರ ಆಡುಮಾತು ಎನ್ನುವ ಜಗಳವೂ ಇದೆ. ಶಿರಸಿಯಲ್ಲಿ ಹವ್ಯಕರ ಕನ್ನಡ, ಕಾರವಾರದಲ್ಲಿ ಕೊಂಕಣಿ, ಭಟ್ಕಳದಲ್ಲಿ ನವಾಯತಿ, ಹಳಿಯಾಳದ ಕಡೆ ಮರಾಠಿ. ಅಂಕೋಲೆಯ ಹಾಲಕ್ಕಿಯವರ ಕನ್ನಡ ಇನ್ನೊಂದು ಬಗೆ. ಶಿರಸಿಯ ಮಾತಿನಲ್ಲಿ ಬರೆದ ಪ್ರಕಟಣೆಯನ್ನು ಕಾರವಾರದ ಕೋಡಿಬಾಗದಲ್ಲಿ ಓದಿದರೆ “ಎಂತ ಮಾರಾಯ್ರೆ ಇದು” ಅನ್ನುತ್ತಾರೆ. ಅದಕ್ಕೇ ಪಠ್ಯಪುಸ್ತಕದ ಕ್ರಿಯಾಪದ ಬೇಕು, ಮನೆ ಬಳಕೆಯ ಪದ ಬೇಕು. ಅರ್ಧ ನುಂಗಿದ ಅಕ್ಷರಗಳನ್ನು ಹಾಗೇ ಬರೆದರೆ, ಕನ್ನಡವನ್ನು ಶಾಲೆಯಲ್ಲಿ ಮಾತ್ರ ಕಲಿತವರು ಮತ್ತೆ ಮೇಲಿನಿಂದ ಓದಬೇಕಾಗುತ್ತದೆ.

ನಕ್ಕು ನಕ್ಕು ಸಾಕಾಯಿತು. 2019ರ ಆಗಸ್ಟಿನಲ್ಲಿ ಕಾಳಿ ದಂಡೆಯ ಊರುಗಳಿಗೆ ನೀರು ನುಗ್ಗಿತ್ತು. ಗೋಡೆಯ ಮೇಲೆ ನೀರು ನಿಂತ ಗೆರೆ ಎಲ್ಲಿತ್ತು ಎಂದು ಮನೆಯವರು ಈಗಲೂ ಕೈಯಿಟ್ಟು ತೋರಿಸುತ್ತಾರೆ. “ಆ ಗೆರೆಯವರೆಗೆ ಬರಬಹುದು” ಎಂದರೆ ದಂಡೆಯ ಮಗುವಿಗೂ ತಿಳಿಯುತ್ತದೆ. ಇಷ್ಟಾದ ಮೇಲೂ ವರ್ಷಾವರ್ಷ ಅದೇ ಹಾಳೆ, ಅದೇ ವಾಕ್ಯ, ದಿನಾಂಕ ಮಾತ್ರ ಹೊಸದು. ಬರೆಯುವವರಿಗೆ ಬೇಸರ ಬರುವುದಿಲ್ಲವಾ? ಅವರ ಮನೆಯವರೇ ದಂಡೆಯಲ್ಲಿದ್ದರೆ ಫೋನ್ ಮಾಡಿ “ಸ್ಥಳಾಂತರಗೊಂಡು ಸಹಕರಿಸಿ” ಅನ್ನುತ್ತಾರಾ?

ಸರಳ ಕನ್ನಡ ಬರುವುದಿಲ್ಲ ಅಂತಲೂ ಅಲ್ಲ. ಕಡಲ ತೀರದ ಉತ್ಸವದ ಪೋಸ್ಟರ್ ನೋಡಿ. “ಮಚ್ಚಾ, ಬೀಚಿಗೆ ಬಾ!” ಎಂದು ಶುರುವಾಗುತ್ತದೆ. ಕಾರವಾರದಲ್ಲಿ ಯಾರೂ ಯಾರನ್ನೂ ಮಚ್ಚಾ ಎಂದು ಕರೆಯುವುದಿಲ್ಲ, ಅದು ಬೆಂಗಳೂರಿನಿಂದ ಬಂದ ಜಾಹೀರಾತಿನ ಹುಡುಗನ ಕೆಲಸ ಇರಬೇಕು. ಇರಲಿ. ಅದರ ಕೆಳಗೆ ಓದಿ. ಎಷ್ಟು ಗಂಟೆಗೆ, ಎಲ್ಲಿ, ಗಾಡಿ ಎಲ್ಲಿ ನಿಲ್ಲಿಸಬೇಕು, ಮಕ್ಕಳಿಗೆ ಟಿಕೆಟ್ ಎಷ್ಟು, ಮೀನೂಟ ಯಾವ ಮಳಿಗೆಯಲ್ಲಿ, ಮಳೆ ಬಂದರೆ ಏನು. ಒಂದೊಂದಕ್ಕೆ ಒಂದೊಂದು ಸಣ್ಣ ವಾಕ್ಯ. ಒಂದೂ ಬಿಟ್ಟುಹೋಗಿಲ್ಲ. ಆ ಹುಡುಗನನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೇಟಿನ ಪ್ರಕಟಣೆ ಬರೆಯಲು ಕೂರಿಸಿ. ಮಚ್ಚಾ ಒಂದನ್ನು ಮಾತ್ರ ತೆಗೆಸಿ.