ಹೊಳೆಯಬೇಕು, ಆದರೆ ಹೊಳೆಯಬಾರದು

ಬ್ಯಾಂಕ್ ಖಾತೆ ತೆರೆಯಲು ಈಗ ಎಲ್ಲಿಗೂ ಹೋಗಬೇಕಿಲ್ಲವಂತೆ. ಕೂತಲ್ಲೇ ವಿಡಿಯೊ ಕಾಲ್ ಮಾಡಿ, ಗುರುತಿನ ಕಾರ್ಡ್ ಹಿಡಿದು "ನಾನೇ ನಾನು" ಎಂದು ತೋರಿಸಿದರೆ ಮುಗೀತು. ಐದೇ ನಿಮಿಷದ ಕೆಲಸ ಅಂದರು. ನನ್ನ ಬಗ್ಗೆ ನನಗೇ ಅನುಮಾನ ಹುಟ್ಟಲು ಅಷ್ಟು ಸಮಯವೂ ಬೇಕಾಗಲಿಲ್ಲ.

"ಸರ್, ಕಾರ್ಡ್ ಹೊಳೀತಿದೆ, ಅಕ್ಷರ ಕಾಣ್ತಿಲ್ಲ" ಎಂದಿತು ಆ ಕಡೆಯ ದನಿ. ತಲೆಯ ಮೇಲಿನ ದೀಪ ಆರಿಸಿದೆ. "ಈಗ ಸ್ವಲ್ಪ ಓರೆ ಮಾಡಿ, ಹಾಲೊಗ್ರಾಮ್ ಹೊಳೆಯಬೇಕು." ದೀಪವೇ ಇಲ್ಲದೆ ಅದು ಹೊಳೆಯುವುದು ಹೇಗೆ? ಮತ್ತೆ ಹಾಕಿದೆ. "ಅಯ್ಯೋ, ಹೆಸರೇ ಮಾಯ ಸರ್!"

ಅವರ ಲೆಕ್ಕ ತಪ್ಪೇನಲ್ಲ. ಓರೆ ಮಾಡಿದರೆ ಅಸಲಿ ಹಾಲೊಗ್ರಾಮ್ ಬಣ್ಣ ಬದಲಿಸುತ್ತದೆ, ಜೆರಾಕ್ಸ್ ಪ್ರತಿ ಬದಲಿಸುವುದಿಲ್ಲ. ಆದರೆ ನೆಟ್‌ವರ್ಕ್ ಸೊರಗಿದಾಗ ವಿಡಿಯೊ ತನ್ನ ಭಾರ ಇಳಿಸಿಕೊಳ್ಳಲು ಮೊದಲು ಬಿಸಾಡುವುದೇ ಇಂಥ ಸಣ್ಣ ಗೆರೆಗಳನ್ನು. ಹಾಗಾಗಿ ನನ್ನ ಕೈಯಲ್ಲಿದ್ದ ಅಸಲಿ ಕಾರ್ಡ್ ಆ ಕಡೆ ತಲುಪುವಷ್ಟರಲ್ಲಿ ಜೆರಾಕ್ಸ್ ಆಗಿರುತ್ತಿತ್ತು. ದೀಪವನ್ನು ತಲೆ ಮೇಲಿನಿಂದ ತೆಗೆದು ಪಕ್ಕಕ್ಕಿಟ್ಟ ಮೇಲೆ ಹೇಗೋ ದಾಟಿದೆ.

ಆಮೇಲೆ ನಾನು ಜೀವಂತ ಇದ್ದೇನೆ ಎಂದು ತೋರಿಸುವ ಸರದಿ. "ಮುಖ ಎಡಕ್ಕೆ ತಿರುಗಿಸಿ." ಸ್ಕ್ರೀನಲ್ಲಿ ನನ್ನದೇ ಮುಖ ಕನ್ನಡಿಯಂತೆ ಕಾಣುತ್ತಿತ್ತು. ಅದನ್ನು ನೋಡಿ ಗಲಿಬಿಲಿಯಾಗಿ ಬಲಕ್ಕೆ ತಿರುಗಿದೆ. "ಮುಖದ ಮುಂದೆ ಕೈ ಆಡಿಸಿ." ಕಂಪ್ಯೂಟರ್ ಅಂಟಿಸಿದ ನಕಲಿ ಮುಖವಾದರೆ ಕೈ ಅಡ್ಡ ಬಂದಾಗ ಅಂಚು ಕದಡಬಹುದು, ಅದಕ್ಕೆ ಈ ಪರೀಕ್ಷೆ. ನೊಣ ಓಡಿಸುವವನಂತೆ ಕೈ ಆಡಿಸಿದೆ. ನೋಡುವವರಿಗೆ ಭೂತ ಬಿಡಿಸಿದ ಹಾಗೆ ಕಂಡಿರಬೇಕು. ಆದರೂ ನನ್ನ ಮೂಗು ಕದಲಲಿಲ್ಲ, ಸದ್ಯ.

ಪಿನ್ ಕೋಡ್ ಕೇಳಿದರು. ಭಯಕ್ಕೆ ಮರೆತೇ ಹೋಯಿತು. ಹಿಂದಿನಿಂದ ಮನೆಯವರು ಪಿಸುಗುಟ್ಟಿದರು. "ಸರ್, ಪಕ್ಕದಲ್ಲಿ ಯಾರಿದ್ದಾರೆ?" ಯಾರೋ ಬೆದರಿಸಿಯೋ ಹೇಳಿಕೊಟ್ಟೋ ಖಾತೆ ತೆರೆಸುತ್ತಿರಬಹುದು ಎಂಬ ಅನುಮಾನಕ್ಕೆ ಕಾಲ್ ಕಟ್. ಮತ್ತೆ ಮೊದಲಿನಿಂದ. ಈ ಸಲ ಬೇರೆ ದನಿ, ಆದರೆ ಅದೇ ಕಾರ್ಡ್, ಅದೇ ಓರೆ, ಅದೇ ನೊಣ.

ಕೊನೆಗೆ ಮುಖ ತಾಳೆ ನೋಡುವ ಯಂತ್ರ. ಅದು ಕಣ್ಣು, ಮೂಗು, ದವಡೆಯನ್ನೆಲ್ಲ ಅಂಕಿಗಳಾಗಿ ಮಾಡಿ ಕಾರ್ಡಿನ ಫೋಟೊ ಜೊತೆ ಹೋಲಿಸಿ ಅಂಕ ಕೊಡುತ್ತದೆ. ಕಾರ್ಡಿನಲ್ಲಿರುವವನು ಹತ್ತು ವರ್ಷ ಹಿಂದಿನವನು, ತಲೆ ತುಂಬ ಕೂದಲು, ಕನ್ನಡಕವಿಲ್ಲ. "ಹೋಲಿಕೆ ಕಡಿಮೆ ಬರ್ತಿದೆ ಸರ್. ಕನ್ನಡಕ ತೆಗೆದು ನೋಡೋಣ." ತೆಗೆದೆ. "ಈಗ ಸ್ಕ್ರೀನಲ್ಲಿರೋ ನಂಬರ್ ಓದಿ." ಕನ್ನಡಕವಿಲ್ಲದೆ ನನಗೆ ಸ್ಕ್ರೀನೇ ಕಾಣದು.

ಇಷ್ಟು ಹೊತ್ತಾದರೂ ಆ ಕಡೆಯವರ ಮುಖವನ್ನು ನಾನು ನೋಡಿರಲಿಲ್ಲ. ಅಲ್ಲಿದ್ದದ್ದು ಬರೀ ಕಪ್ಪು ಚೌಕ. ಇಂಥ ಕಾಲ್ ಮಾಡಿ ವಂಚಿಸುವವರೂ ಇದ್ದಾರಲ್ವಾ ಎಂದು ಮೆಲ್ಲಗೆ ಕೇಳಿದೆ, "ನೀವು ಯಾರು ಅಂತ ನನಗೂ ಸ್ವಲ್ಪ ತೋರಿಸ್ತೀರಾ?"

"ಸಾರಿ ಸರ್, ನಮ್ಮ ಕ್ಯಾಮೆರಾ ಕೆಟ್ಟಿದೆ."